ಪಾಟಿ ಸವಾಲು ಅರ್ಧಕ್ಕೆ ನಿಂತಾಗ ಬರೆಯುವ ಟಿಪ್ಪಣಿ

(ಕಲಬುರಗಿಯಲ್ಲಿ ಕಿರಿಯ ವಕೀಲರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ಶರಣು. ಇವತ್ತು ನಾನು ಕಾನೂನಿನ ದೊಡ್ಡ ವಿಷಯ ಯಾವುದನ್ನೂ ತಂದಿಲ್ಲ. ಒಂದು ಟಿಪ್ಪಣಿಯ ಬಗ್ಗೆ ಮಾತಾಡುತ್ತೇನೆ. ನೀವು ಒಂದು ಆಫೀಸಿನಲ್ಲಿ ಜೂನಿಯರ್ ಆಗಿದ್ದೀರಿ. ಸಿವಿಲ್ ದಾವೆಯೊಂದು ಸಾಕ್ಷ್ಯದ ಹಂತದಲ್ಲಿದೆ. ವಾದಿ ಕಟಕಟೆಯಲ್ಲಿದ್ದಾನೆ, ಅವನ ಪಾಟಿ ಸವಾಲು ಅರ್ಧ ಆಗಿದೆ. ಅಷ್ಟರಲ್ಲಿ ನೀವು ಬೇರೆ ಕಡೆ ಹೋಗುತ್ತಿದ್ದೀರಿ. ಹೈಕೋರ್ಟ್ ಪೀಠದ ಕಡೆ ಪ್ರಾಕ್ಟೀಸ್ ಶುರು ಮಾಡ್ತೀರೋ, ಸರ್ಕಾರಿ ನೌಕರಿ ಸಿಕ್ಕಿದೆಯೋ, ಹೆರಿಗೆ ರಜೆಯೋ, ಏನೇ ಇರಲಿ. ಮುಂದಿನ ಪೇಶಿಗೆ ನಿಮ್ಮ ಜಾಗದಲ್ಲಿ ಆಫೀಸಿನ ಇನ್ನೊಬ್ಬರು ನಿಲ್ಲುತ್ತಾರೆ. ಅವರ ಕೈಗೆ ಏನು ಬರೆದು ಕೊಡುತ್ತೀರಿ?

ಸಾಮಾನ್ಯವಾಗಿ ಕೊಡುವುದು ಇಷ್ಟು: 'ಪಿಡಬ್ಲ್ಯು 1 ಕ್ರಾಸ್ ಪಾರ್ಟ್ ಆಗಿದೆ. ಮುಂದುವರಿಸುವುದು. ಕಡತ ನೋಡಿಕೊಳ್ಳಿ.' ಪಾಪ, ಕಡತ ನೋಡಿದರೆ ಎಲ್ಲ ತಿಳಿಯುತ್ತದೆ ಅನ್ನೋ ನಂಬಿಕೆ. ಆದರೆ ತಿಳಿಯದೇ ಇರುವ ಸಂಗತಿಗಳೇ ಮುಂದಿನ ಪೇಶಿಯಲ್ಲಿ ಬೇಕಾಗುವುದು.

ಉದಾಹರಣೆಗಾಗಿ ಒಂದು ದಾವೆ ಕಟ್ಟಿಕೊಂಡು ಬಂದಿದ್ದೇನೆ. ಇದು ಯಾರ ದಾವೆಯೂ ಅಲ್ಲ, ಆದರೆ ನಮ್ಮ ಕೋರ್ಟಿನಲ್ಲಿ ಇಂಥವು ದಿನಾ ನಡೆಯುತ್ತವೆ. ಕಲಬುರಗಿ ತಾಲ್ಲೂಕಿನ ಒಂದು ಹಳ್ಳಿ, 4 ಎಕರೆ 20 ಗುಂಟೆ ತೊಗರಿ ಬೆಳೆಯುವ ಒಣ ಭೂಮಿ. ಎಕರೆಗೆ 4 ಲಕ್ಷದಂತೆ 18 ಲಕ್ಷಕ್ಕೆ ಖರೀದಿ ಕರಾರು ಆಗಿದೆ, 6 ಲಕ್ಷ ನಗದಾಗಿ ಮುಂಗಡ ಕೊಟ್ಟಿದ್ದೇನೆ, ಜಮೀನು ನನ್ನ ಕಬ್ಜಾಕ್ಕೆ ಬಂದಿದೆ, ಉಳಿದ 12 ಲಕ್ಷ ತೆಗೆದುಕೊಂಡು ನೋಂದಣಿ ಮಾಡಿಸಿಕೊಡಲಿ ಎಂಬುದು ವಾದಿಯ ಕೇಳಿಕೆ. ಕರಾರು 2019ರದ್ದು, ದಾವೆ 2021ರದ್ದು. ನಾವು ಪ್ರತಿವಾದಿಯ ಕಡೆ. ನಮ್ಮವನು ಹೇಳುವುದು ಬೇರೆ. ಅವನು ಮಗಳ ಮದುವೆಗೆ 2 ಲಕ್ಷ ಕೈಗಡ ತಗೊಂಡಿದ್ದ. ಭದ್ರತೆಗೆ ಅಂತ ಸ್ಟಾಂಪ್ ಕಾಗದದ ಮೇಲೆ ಸಹಿ ಮಾಡಿಸಿಕೊಂಡರು. ಜಮೀನು ಇವತ್ತಿಗೂ ಅವನೇ ಉಳುತ್ತಾನೆ. ಅದರಲ್ಲಿ ಅಣ್ಣನ ಪಾಲೂ ಇದೆ.

ಇಂಥ ದಾವೆಯ ಟಿಪ್ಪಣಿಯಲ್ಲಿ ಮೊದಲ ಸಾಲು ಏನಿರಬೇಕು? ದಾವೆಯ ಇತಿಹಾಸ ಅಲ್ಲ, ಅದು ವಾದಪತ್ರದಲ್ಲೇ ಇದೆ. ಮುಂದಿನ ತಾರೀಖು, ಅವತ್ತು ಸಾಕ್ಷಿ ಬರುತ್ತಾನೋ ಇಲ್ಲವೋ, ಕಳೆದ ಸಲ ಸಮಯ ಕೇಳಿದವರು ಯಾರು, ಇವು ಇರಬೇಕು. ಯಾಕೆಂದರೆ ಹೊಸಬರು ಎದ್ದು ನಿಂತು 'ಸ್ವಾಮಿ, ಈಗಷ್ಟೇ ಕಡತ ಬಂದಿದೆ' ಅಂತ ಹೇಳುವ ಚಾಳಿ ನಮ್ಮಲ್ಲಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 17, ನಿಯಮ 1 ಓದಿ. ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಸಲ ಸಮಯ ಕೊಡಬಾರದು ಎಂದಿದೆ. ಸಾಕ್ಷಿ ಹಾಜರಿದ್ದು ವಕೀಲರು ತಯಾರಿಲ್ಲದಿದ್ದರೆ ಪಾಟಿ ಸವಾಲನ್ನೇ ಕೈಬಿಟ್ಟು ಮುಂದೆ ಹೋಗುವ ಅಧಿಕಾರವೂ ನ್ಯಾಯಾಲಯಕ್ಕಿದೆ. 'ಪಾಟಿ ಸವಾಲು ಇಲ್ಲ' ಎಂದು ಬರೆದು ಸಾಕ್ಷಿಯನ್ನು ಕಳಿಸಿಬಿಟ್ಟರೆ, ಆಮೇಲೆ ಆದೇಶ 18ರ ನಿಯಮ 17 ಹಿಡಿದು ಮತ್ತೆ ಕರೆಸಿ ಅಂತ ಅರ್ಜಿ ಹಾಕಬೇಕು. ಆ ನಿಯಮ ಇರುವುದು ಬಿಟ್ಟುಹೋದದ್ದನ್ನು ತುಂಬಿಕೊಳ್ಳಲು ಅಲ್ಲ ಎಂದು ಸುಪ್ರೀಂ ಕೋರ್ಟ್ 2009ರ ವಾದಿರಾಜ ವೆರ್ಣೇಕರ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಟಿಪ್ಪಣಿಯ ಮೊದಲ ಸಾಲು ಓದಿದ ತಕ್ಷಣ, ಈ ಪೇಶಿಗೆ ಸಮಯ ಸಿಗುತ್ತೋ ಇಲ್ಲವೋ ಅನ್ನುವುದು ಗೊತ್ತಾಗಬೇಕು. ನಮ್ಮ ಉದಾಹರಣೆಯಲ್ಲಿ ಹೊರಡುವ ಹುಡುಗಿ ಹೀಗೆ ಬರೆದಿದ್ದಾಳೆ ಅಂದುಕೊಳ್ಳಿ:

'ಅಣ್ಣಾ, ಮುಂದಿನ ಪೇಶಿಗೆ ಪಿಡಬ್ಲ್ಯು 1 ಬಂದೇ ಬರ್ತಾನೆ. ನಾವು ಆಗಲೇ ಎರಡು ಸಲ ಸಮಯ ತಗೊಂಡಿದ್ದೀವಿ, ಒಂದಕ್ಕೆ ಖರ್ಚು ಹಾಕಿದ್ದಾರೆ, ಕಟ್ಟಿ ರಸೀದಿ ಕಡತದಲ್ಲಿಟ್ಟಿದ್ದೇನೆ. ಮತ್ತೆ ಕೇಳಿದರೆ ಕೊಡೋದು ಕಷ್ಟ. ನಿಮ್ಮ ಹೆಸರು ನಮ್ಮ ವಕಾಲತ್ತಿನಲ್ಲಿದೆ, ಹೊಸದು ಬೇಡ.'

ನಾಲ್ಕೇ ಮಾತು. ವಕಾಲತ್ತಿನ ಮಾತು ಸಣ್ಣದು ಅನಿಸಬಹುದು. ಆದರೆ ಹೆಸರಿಲ್ಲದೆ ಎದ್ದು ನಿಂತರೆ ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಸಾಕ್ಷಿಯ ಹೇಳಿಕೆಯನ್ನು ನಮ್ಮಲ್ಲಿ ಹೇಗೆ ಬರೆಯುತ್ತಾರೆ, ಗಮನಿಸಿದ್ದೀರಾ? ಪ್ರಶ್ನೆ ಬರೆಯುವುದಿಲ್ಲ. ಉತ್ತರವನ್ನಷ್ಟೇ ಸಾಕ್ಷಿ ತಾನೇ ಹೇಳಿದಂತೆ ಸಾಲು ಸಾಲಾಗಿ ಬೆರಳಚ್ಚು ಮಾಡಿಸುತ್ತಾರೆ. ತೀರಾ ಅಗತ್ಯವಿದ್ದಾಗ ಮಾತ್ರ ಪ್ರಶ್ನೆ-ಉತ್ತರ ಎರಡೂ ಬರುತ್ತವೆ. ನಮ್ಮ ದಾವೆಯ ಹಾಳೆಯಲ್ಲಿ ಕೊನೆಯ ಸಾಲುಗಳು ಹೀಗಿವೆ:

'ನಾನು ಪ್ರತಿವಾದಿಗೆ 2 ಲಕ್ಷ ರೂಪಾಯಿ ಕೈಗಡ ಕೊಟ್ಟು ಅದರ ಭದ್ರತೆಗಾಗಿ ನಿ.ಪಿ. 1ಕ್ಕೆ ಸಹಿ ಮಾಡಿಸಿಕೊಂಡಿದ್ದೇನೆ ಎಂದರೆ ಸುಳ್ಳು. 6 ಲಕ್ಷ ರೂಪಾಯಿಯನ್ನು ತೊಗರಿ ಮಾರಿ ಹೊಂದಿಸಿದೆನು. ತೊಗರಿ ಮಾರಿದ ಪಟ್ಟಿ ನನ್ನ ಹತ್ತಿರ ಇಲ್ಲ. ಉಳಿದ 12 ಲಕ್ಷ ರೂಪಾಯಿ ನನ್ನ ಮನೆಯಲ್ಲಿಯೇ ಇತ್ತು. (ಹೆಚ್ಚಿನ ಪಾಟಿ ಸವಾಲಿಗಾಗಿ ಮುಂದೂಡಲಾಯಿತು.)'

ಹೊಸಬರು ಇದನ್ನು ಓದಿದರೆ ಏನು ಕಾಣುತ್ತೆ? ಕೈಗಡದ ಮಾತು ಕೇಳಿ ಆಯ್ತು, ಹಣದ ಮಾತು ಕೇಳಿ ಆಯ್ತು. ಇನ್ನೇನು ಉಳಿದಿದೆ? ಹಾಳೆ ಅದನ್ನು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಟಿಪ್ಪಣಿ.

ಇಲ್ಲಿ ಒಂದು ನಿಯಮ ನೆನಪಿಡಿ. ನಿಮ್ಮ ಕಕ್ಷಿದಾರನ ತಕರಾರು ಏನಿದೆಯೋ ಅದನ್ನು ಎದುರಾಳಿ ಸಾಕ್ಷಿಯ ಮುಂದೆ ಇಡಲೇಬೇಕು. ಮುಖ್ಯ ಸಂಗತಿಯ ಮೇಲೆ ಪ್ರಶ್ನೆ ಮಾಡದೆ ಬಿಟ್ಟರೆ, ಸಾಕ್ಷಿ ಹೇಳಿದ್ದನ್ನು ನೀವು ಒಪ್ಪಿದ್ದೀರಿ ಎಂದೇ ಕೊನೆಗೆ ವಾದ ಬರುತ್ತದೆ. 1961ರಲ್ಲಿ ವರದಿಯಾದ ಕಲ್ಕತ್ತಾ ಹೈಕೋರ್ಟಿನ ಕ್ಯಾರಪಿಯೆಟ್ ತೀರ್ಪು ಇದನ್ನು ಚೆನ್ನಾಗಿ ಹೇಳುತ್ತದೆ, ಇವತ್ತಿಗೂ ಎಲ್ಲರೂ ಅದನ್ನೇ ಓದುತ್ತಾರೆ. ಒಬ್ಬರೇ ವಕೀಲರು ಶುರುವಿನಿಂದ ಕೊನೆವರೆಗೆ ಕ್ರಾಸ್ ಮಾಡಿದರೆ ಅವರ ತಲೆಯಲ್ಲಿ ಲೆಕ್ಕ ಇರುತ್ತದೆ. ಮಧ್ಯದಲ್ಲಿ ಕೈ ಬದಲಾದರೆ ಆ ಲೆಕ್ಕ ತಪ್ಪುತ್ತದೆ. ಹೋದವರು 'ಅದನ್ನು ಮುಂದೆ ಕೇಳೋಣ' ಅಂತ ಬಿಟ್ಟಿರುತ್ತಾರೆ, ಬಂದವರು 'ಅದನ್ನು ಕೇಳಿರಬೇಕು' ಅಂದುಕೊಂಡಿರುತ್ತಾರೆ.

ಹಾಗಾಗಿ ಆ ಹುಡುಗಿ ಲಿಖಿತ ಹೇಳಿಕೆಯನ್ನು ಎದುರಿಗೆ ಇಟ್ಟುಕೊಂಡು, ಪ್ಯಾರಾ ಪ್ಯಾರಾ ನೋಡಿ, ಯಾವುದು ಸಾಕ್ಷಿಯ ಮುಂದೆ ಇಟ್ಟಾಗಿದೆ, ಯಾವುದು ಇಲ್ಲ ಅಂತ ಬರೆಯುತ್ತಾಳೆ. ಕೈಗಡದ ಮಾತು ಇಟ್ಟಾಗಿದೆ, ಸಾಕ್ಷಿಯ ಹೇಳಿಕೆಯ ಮೂರನೇ ಪುಟ. ಮುಂಗಡದ ಹಣದ ಮೂಲ ಕೇಳಾಗಿದೆ. ಕಬ್ಜಾ ಕೊಟ್ಟಿಲ್ಲ ಎಂಬುದನ್ನು ಇನ್ನೂ ಇಟ್ಟಿಲ್ಲ. ಅಣ್ಣನ ಪಾಲಿನ ಮಾತನ್ನು ಮುಟ್ಟೇ ಇಲ್ಲ. ಈ ಕೊನೆಯ ಎರಡನ್ನು ಅವಳು ದಪ್ಪ ಅಕ್ಷರದಲ್ಲಿ ಬರೆದರೂ ನನಗೆ ಬೇಜಾರಿಲ್ಲ. ಹೊಸಬರು 'ಇಷ್ಟು ಸಾಕು ಸ್ವಾಮಿ' ಅಂತ ಕೂತುಬಿಟ್ಟರೆ ಎರಡು ತಕರಾರು ಅಲ್ಲೇ ಬಿದ್ದುಹೋಗುತ್ತವೆ.

ಇನ್ನು ಕೇಳಬಾರದ ಪ್ರಶ್ನೆ. ಇದು ಯಾವ ಕಡತದಲ್ಲೂ ಇರುವುದಿಲ್ಲ. 12 ಲಕ್ಷ ಮನೆಯಲ್ಲೇ ಇತ್ತು ಎಂದು ಸಾಕ್ಷಿ ಹೇಳಿದನಲ್ಲ, ವಾದಪತ್ರದ ಆರನೇ ಪ್ಯಾರಾದಲ್ಲಿ ಅದೇ ಹಣ ಬ್ಯಾಂಕಿನಲ್ಲಿ ತಯಾರಿತ್ತು ಎಂದಿದೆ. ನಿರ್ದಿಷ್ಟ ಪರಿಹಾರ ಅಧಿನಿಯಮದ ಕಲಂ 16(ಸಿ) ಪ್ರಕಾರ, ಕರಾರಿನಲ್ಲಿ ತನ್ನ ಪಾಲಿನದನ್ನು ಮಾಡಲು ಸದಾ ತಯಾರಿದ್ದೆ, ಮನಸ್ಸೂ ಇತ್ತು ಎಂದು ವಾದಿ ರುಜುವಾತು ಮಾಡಬೇಕು. ಇಂಥ ದಾವೆ ಬಹಳಷ್ಟು ಸಲ ಬೀಳುವುದೇ ಅಲ್ಲಿ. ಈ ವ್ಯತ್ಯಾಸ ನೋಡಿದ ಯಾವ ವಕೀಲನಿಗೂ ಕೈ ತುರಿಸುತ್ತದೆ. 'ಹಾಗಾದರೆ ವಾದಪತ್ರದಲ್ಲಿ ಬ್ಯಾಂಕು ಅಂತ ಯಾಕೆ ಬರೆಸಿದಿರಿ? ಪಾಸ್‌ಬುಕ್ ತೋರಿಸಿ' ಅಂತ ಕೇಳಬೇಕು ಅನಿಸುತ್ತದೆ. ಕೇಳಿದರೆ ಏನಾಗುತ್ತೆ? 'ಬ್ಯಾಂಕಿನಿಂದ ತೆಗೆದು ಮನೆಗೆ ತಂದಿಟ್ಟಿದ್ದೆ' ಅಂತಾನೆ. ಎದುರು ವಕೀಲರು ಮರುವಿಚಾರಣೆಯಲ್ಲಿ ಪಾಸ್‌ಬುಕ್ ಹಾಜರುಪಡಿಸಲು ಅನುಮತಿ ಕೇಳುತ್ತಾರೆ. ನಾವೇ ಬಾಗಿಲು ತೆಗೆದು ಕೊಟ್ಟ ಹಾಗಾಗುತ್ತದೆ. ಹುಡುಗಿ ಬರೆದದ್ದು ಹೀಗೆ:

'ಮನೆ–ಬ್ಯಾಂಕು ವ್ಯತ್ಯಾಸವನ್ನು ಬೇಕಂತಲೇ ಅಲ್ಲಿಗೇ ಬಿಟ್ಟಿದ್ದೇನೆ. ಸೀನಿಯರ್ ಹಾಗೇ ಹೇಳಿದ್ದರು. ಪಾಸ್‌ಬುಕ್ ಮಾತು ಎತ್ತಬೇಡಿ, ವಾದದ ಹೊತ್ತಿಗೆ ಸಾಕು. ನಿಮಗೆ ಬೇರೆ ಅನಿಸಿದರೆ ಮೊದಲು ಸೀನಿಯರ್ ಹತ್ತಿರ ಮಾತಾಡಿ.'

ಇಲ್ಲಿ ಕಾರಣ ಬರೆದಿದ್ದಾಳೆ, ಯಾರ ತೀರ್ಮಾನ ಅಂತಲೂ ಬರೆದಿದ್ದಾಳೆ. ಎರಡೂ ಬೇಕು. ಸುಮ್ನೆ 'ಕೇಳಬೇಡಿ' ಅಂತ ಬರೆದರೆ ಹೊಸಬರು ಅದನ್ನು ಮರೆವು ಅಂದುಕೊಂಡು ಕೇಳಿಯೇ ಬಿಡುತ್ತಾರೆ. ಸಾಕ್ಷಿಗೆ ಆ ವ್ಯತ್ಯಾಸ ತೋರಿಸಿ ಉತ್ತರ ಪಡೆಯುವುದೇ ಸರಿ, ತೋರಿಸದಿದ್ದರೆ ನಾಳೆ ವಾದದಲ್ಲಿ ತೂಕ ಬರಲ್ಲ ಅನ್ನುವ ಹಿರಿಯರೂ ನಮ್ಮ ಬಾರ್‌ನಲ್ಲಿದ್ದಾರೆ. ಅವರ ಮಾತಲ್ಲೂ ಹುರುಳಿದೆ. ನನಗಂತೂ ಹಣದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಮೇಲು ಅನಿಸುತ್ತದೆ.

ಮೂರನೆಯದು, ಹೇಳಿದ್ದು ಆದರೆ ಬರೆಯದೇ ಹೋದದ್ದು. ಕೊನೆಯ ದಿನ ಹೊತ್ತು ಮೀರುತ್ತಿತ್ತು. 'ಈ ವರ್ಷ ಆ ಹೊಲದಾಗ ತೊಗರಿ ಯಾರು ಬಿತ್ತ್ಯಾರ?' ಅಂತ ಕೇಳಿದಾಗ ಸಾಕ್ಷಿ 'ಅವರೇ ಬಿತ್ತ್ಯಾರ್ರಿ' ಅಂದುಬಿಟ್ಟ. ಎದುರು ವಕೀಲರು ಎದ್ದು ಪ್ರಶ್ನೆಗೇ ಆಕ್ಷೇಪ ಎತ್ತಿದರು. ಗದ್ದಲದಲ್ಲಿ ಆ ಉತ್ತರ ಬೆರಳಚ್ಚಾಗಲಿಲ್ಲ, ದಾವೆ ಮುಂದೂಡಿಕೆಯಾಯಿತು. ಹಾಳೆಯಲ್ಲಿ ಆ ಮಾತು ಇಲ್ಲ. ಇಲ್ಲ ಅಂದಮೇಲೆ ಇಲ್ಲ. 'ಕಳೆದ ಸಲ ನೀವೇ ಒಪ್ಪಿದ್ದೀರಿ' ಅಂತ ಹೊಸ ವಕೀಲರು ಕೇಳಿದರೆ ಅವರೇ ಮುಜುಗರಕ್ಕೆ ಬೀಳುತ್ತಾರೆ. ಹಾಗಾಗಿ ಟಿಪ್ಪಣಿಯಲ್ಲಿ 'ಹೇಳಿದ್ದಾನೆ, ಆದರೆ ದಾಖಲೆಯಲ್ಲಿಲ್ಲ' ಎಂದು ಸ್ಪಷ್ಟವಾಗಿ ಬೇರೆ ಮಾಡಿ ಬರೆಯಬೇಕು. ಇಷ್ಟರಲ್ಲಿ ಸಾಕ್ಷಿಗೆ ಅವನ ಕಡೆಯವರು ತಿದ್ದಿ ಹೇಳಿಕೊಟ್ಟಿರುತ್ತಾರೆ ಅಂತ ಹಿಡಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಅದೇ ಪ್ರಶ್ನೆಯನ್ನು ಹಾಗೇ ಕೇಳಿದರೆ ಈ ಸಲ 'ನಾನೇ ಬಿತ್ತಿದ್ದೇನೆ' ಅಂತಾನೆ.

ಹಾಗಾದರೆ ಏನು ಮಾಡಬೇಕು? ಪಹಣಿಯಿಂದ ಶುರು ಮಾಡಬೇಕು. 2019ರಿಂದ ಈಚೆಗಿನ ಪಹಣಿಗಳನ್ನು ತೆಗೆಸಿ ಕಡತದ ಮೇಲೆಯೇ ಇಟ್ಟಿದ್ದಾಳೆ. ಒಂಬತ್ತನೇ ಅಂಕಣದಲ್ಲಿ ಖಾತೆದಾರನ ಹೆಸರು, ಹನ್ನೆರಡರಲ್ಲಿ ಉಳುವವನ ಹೆಸರು ಮತ್ತು ಬೆಳೆ. ಎರಡೂ ಕಡೆ ನಮ್ಮವನದೇ ಹೆಸರಿದೆ. ಕರ್ನಾಟಕ ಭೂಕಂದಾಯ ಅಧಿನಿಯಮದ ಕಲಂ 133 ಪ್ರಕಾರ ಈ ನಮೂದುಗಳು ಸುಳ್ಳೆಂದು ತೋರಿಸುವವರೆಗೆ ನಿಜ ಎಂದೇ ಹಿಡಿಯಬೇಕು. ಪಹಣಿಯನ್ನು ಸಾಕ್ಷಿಗೆ ತೋರಿಸಿ, ಒಪ್ಪಿದರೆ ನಿ.ಡಿ. 1 ಅಂತ ಗುರುತಿಸಿಕೊಂಡು, ಹೆಸರು ಬದಲಾಯಿಸಲು ಅರ್ಜಿ ಕೊಟ್ಟಿದ್ದೀರಾ ಅಂತ ಕೇಳಿ, ಆಮೇಲೆ ಬಿತ್ತನೆಯ ಮಾತಿಗೆ ಬರಬೇಕು. ಪ್ರಶ್ನೆಗಳು ಈ ಕ್ರಮದಲ್ಲೇ ಹೋಗಬೇಕು. ಪಹಣಿ ನಕಲು ಮೊದಲೇ ಹಾಜರುಪಡಿಸಿಲ್ಲ ಅಂತ ಎದುರಿನವರು ತಕರಾರು ಮಾಡಬಹುದು. ಎದುರಾಳಿ ಸಾಕ್ಷಿಯ ಪಾಟಿ ಸವಾಲಿಗೆ ಬಳಸುವ ದಾಖಲೆಗೆ ಆ ಕಟ್ಟಳೆ ಇಲ್ಲ ಎಂದು ಆದೇಶ 8ರ ನಿಯಮ 1ಎ ಹೇಳುತ್ತದೆ. ಟಿಪ್ಪಣಿಯಲ್ಲಿ ಆ ನಿಯಮದ ಸಂಖ್ಯೆ ಬರೆದಿಟ್ಟರೆ ಅವತ್ತು ಪುಸ್ತಕ ಹುಡುಕುವ ಗೋಜಿಲ್ಲ.

ಈಗ ನಿ.ಪಿ. 1, ಅಂದರೆ ಆ ಕರಾರು. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕೈ ಬದಲಾಗುವಾಗ ಜಾಸ್ತಿ ಹಾನಿ ಆಗುವುದು ಇಲ್ಲೇ. ಕರಾರಿನಲ್ಲಿ 'ಸದರಿ ಜಮೀನಿನ ಕಬ್ಜಾವನ್ನು ಈ ದಿನವೇ ಕೊಟ್ಟಿರುತ್ತೇನೆ' ಎಂದು ಬರೆದಿದೆ. ಕಬ್ಜಾ ಕೊಟ್ಟ ಕರಾರಿಗೆ ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರ ಅನುಸೂಚಿಯ ವಿಧಿ 5(ಇ)(i) ಪ್ರಕಾರ ಕ್ರಯಪತ್ರಕ್ಕೆ ಬೀಳುವಷ್ಟೇ ಶುಲ್ಕ ಬೀಳುತ್ತದೆ. ಇದು ಸಣ್ಣ ಮೊತ್ತದ ಸ್ಟಾಂಪ್ ಕಾಗದದ ಮೇಲಿದೆ. ಕಲಂ 34 ಪ್ರಕಾರ ಕೊರತೆ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಮುಂದಿನ ಕಲಂ 35 ನೋಡಿ: ಒಮ್ಮೆ ಸಾಕ್ಷ್ಯವಾಗಿ ಒಪ್ಪಿಕೊಂಡು ಆದಮೇಲೆ ಮುದ್ರಾಂಕ ಸಾಲದು ಅಂತ ಅದೇ ದಾವೆಯಲ್ಲಿ ಮತ್ತೆ ಪ್ರಶ್ನೆ ಎತ್ತುವಂತಿಲ್ಲ. ಜಾವೇರ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಇಂಥದೇ ಕಲಮಿನ ಬಗ್ಗೆ ಹೀಗೆ ಹೇಳಿದೆ. 'ಆಕ್ಷೇಪಣೆಗೆ ಒಳಪಟ್ಟು' ಗುರುತಿಸಿದ್ದರೆ ಮಾತ್ರ ಇನ್ನೂ ಒಪ್ಪಿಕೊಂಡಂತಲ್ಲ. ಅದು 1978ರ ರಾಮ್ ರತನ್ ತೀರ್ಪು. 2001ರ ಬಿಪಿನ್ ಪಾಂಚಾಲ್ ತೀರ್ಪು ಇನ್ನೊಂದು ಮಾತು ಸೇರಿಸಿತು. ಬೇರೆ ಆಕ್ಷೇಪಣೆಗಳನ್ನು ಕೊನೆಗೆ ನೋಡೋಣ ಅಂತ ಇಡಬಹುದು, ಮುದ್ರಾಂಕದ್ದನ್ನು ಮಾತ್ರ ಆಗಲೇ ತೀರ್ಮಾನಿಸಿ ಮುಂದೆ ಹೋಗಬೇಕು.

ಹೀಗಿರುವಾಗ ಟಿಪ್ಪಣಿಯಲ್ಲಿ 'ನಿ.ಪಿ. 1ರಿಂದ 6 ಗುರುತಾಗಿವೆ' ಅಂತ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ದಾವೆಯಲ್ಲಿ ಇನ್ನೊಂದು ತೊಡಕಿದೆ. ಸಾಕ್ಷಿಯ ಹೇಳಿಕೆಯ ಹಾಳೆಯಲ್ಲಿ 'ಮುದ್ರಾಂಕದ ಬಗ್ಗೆ ಪ್ರತಿವಾದಿ ವಕೀಲರ ಆಕ್ಷೇಪಣೆಗೆ ಒಳಪಟ್ಟು ಗುರುತಿಸಲಾಯಿತು' ಎಂದಿದೆ. ಅದೇ ದಿನದ ಆರ್ಡರ್ ಶೀಟಿನಲ್ಲಿ 'ನಿ.ಪಿ. 1ರಿಂದ 6 ಗುರುತಿಸಲಾಯಿತು' ಅಂತಷ್ಟೇ ಇದೆ. ನಡುವೆ ನ್ಯಾಯಾಧೀಶರು ವರ್ಗವಾಗಿ ಹೊಸಬರು ಬಂದಿದ್ದಾರೆ. ಆದೇಶ 18ರ ನಿಯಮ 15 ಪ್ರಕಾರ ಅವರು ಹಿಂದಿನವರು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಅವರ ಮುಂದೆ ಕಾಗದ ಬಿಟ್ಟು ಬೇರೇನೂ ಇಲ್ಲ. ಆಕ್ಷೇಪ ಎತ್ತಿದ ವಕೀಲಳೂ ಈಗ ಇಲ್ಲ. ಇದನ್ನು ಬರೆಯದೆ ಹೋದರೆ ಆ ಆಕ್ಷೇಪಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೇಳಿಕೆಯ ದೃಢೀಕೃತ ನಕಲಿಗೆ ಅರ್ಜಿ ಹಾಕಿದ ದಿನ, ಆ ಸಾಲು ಇರುವ ಪುಟ, ಆಕ್ಷೇಪಣೆ ಇನ್ನೂ ತೀರ್ಮಾನವಾಗಿಲ್ಲ ಎಂಬ ಮಾತು, ಇಷ್ಟನ್ನು ಬರೆದು, ಕ್ರಾಸ್ ಮುಂದುವರಿಸುವ ಮೊದಲೇ ಇದನ್ನು ತೀರ್ಮಾನಿಸಿ ಎಂದು ಅರ್ಜಿ ಕೊಡುವುದೋ ಬೇಡವೋ ಸೀನಿಯರ್ ಹತ್ತಿರ ಕೇಳಿ ಅಂತ ಅವಳು ಸೇರಿಸಿದ್ದಾಳೆ.

ಬುದ್ಧಿವಂತ ಓದುಗರಿಗೆ ಇಲ್ಲೊಂದು ಅನುಮಾನ ಬರಬೇಕು. ಬಂತಾ? ಕಬ್ಜಾ ಕೊಟ್ಟೇ ಇಲ್ಲ ಅನ್ನುವುದು ನಮ್ಮ ತಕರಾರು. ಕಬ್ಜಾ ಕೊಟ್ಟ ಕರಾರು, ಆದ್ದರಿಂದ ಶುಲ್ಕ ಸಾಲದು ಅನ್ನುವುದೂ ನಮ್ಮದೇ ತಕರಾರು. ಎದುರು ವಕೀಲರು ಬಿಡ್ತಾರಾ? 'ನೀವೇ ಕಬ್ಜಾ ಕೊಟ್ಟಿಲ್ಲ ಅಂತೀರಿ, ಮತ್ತೆ ಯಾವ ಶುಲ್ಕ ಕೇಳ್ತೀರಿ?' ಅಂತಾರೆ. ಉತ್ತರ ಇದೆ. ಮುದ್ರಾಂಕ ಶುಲ್ಕವನ್ನು ದಾಖಲೆಯಲ್ಲಿ ಏನು ಬರೆದಿದೆ ಎಂಬುದರ ಮೇಲೆ ಲೆಕ್ಕ ಹಾಕುತ್ತಾರೆ, ಹೊಲದಲ್ಲಿ ಏನು ನಡೆಯಿತು ಎಂಬುದರ ಮೇಲಲ್ಲ. ಎರಡು ತಕರಾರೂ ಒಟ್ಟಿಗೆ ನಿಲ್ಲುತ್ತವೆ. ಆದರೆ ಈ ಪ್ರಶ್ನೆ ಬರುತ್ತದೆ ಅಂತ ಮೊದಲೇ ಗೊತ್ತಿಲ್ಲದ ಹೊಸ ವಕೀಲರು ಅಲ್ಲೇ ತಡಬಡಾಯಿಸಿ, 'ಆಕ್ಷೇಪಣೆ ಒತ್ತಾಯಿಸುವುದಿಲ್ಲ' ಅಂದುಬಿಡಬಹುದು. ಈ ಆಕ್ಷೇಪಣೆಯಿಂದ ದಾವೆ ಗೆಲ್ಲುತ್ತೇವೆ ಅಂತಲೂ ತಿಳಿಯಬೇಡಿ. ವಾದಿ ಶುಲ್ಕ, ದಂಡ ಕಟ್ಟಿದರೆ ಮುಗೀತು, ಕಾಗದ ಒಳಗೆ ಬರುತ್ತದೆ.

ಉಳಿದದ್ದನ್ನು ಬೇಗ ಹೇಳ್ತೀನಿ. ಈ ದಾವೆ 2024ರ ಜುಲೈ 1ಕ್ಕಿಂತ ಮೊದಲಿನದು. ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ, ಆಗ ನಡೆಯುತ್ತಿದ್ದ ದಾವೆಗಳಿಗೆ ಹಳೆಯ 1872ರ ಕಾಯ್ದೆಯೇ ಅನ್ವಯಿಸುತ್ತದೆ ಎಂದು ಅದರ ಕಲಂ 170 ಹೇಳುತ್ತದೆ. ಟಿಪ್ಪಣಿಯಲ್ಲಿ ಹಳೆಯ ಕಲಂ ಸಂಖ್ಯೆಗಳನ್ನೇ ಹಾಕಿ. ನಮ್ಮ ಭಾಗದ ಕಡತಗಳಲ್ಲಿ ನಿಜಾಮರ ಕಾಲದ ಉರ್ದು ಕಾಗದ ಇರುತ್ತವೆ. ಅಣ್ಣನ ಪಾಲು ತೋರಿಸಲು ನಮ್ಮವನು ಅಂಥದೊಂದು ತಂದುಕೊಟ್ಟಿದ್ದಾನೆ. ಮೂಲ ಯಾರ ಹತ್ತಿರ ಇದೆ, ತರ್ಜುಮೆ ಯಾರು ಮಾಡಿದರು, ಬೇಕಾದರೆ ಅವರು ಸಾಕ್ಷಿ ಹೇಳಲು ಬರ್ತಾರಾ, ಇದನ್ನು ಬರೆದಿಡಿ. ಆ ಅಣ್ಣ ಎರಡನೇ ಪ್ರತಿವಾದಿ, ವಯಸ್ಸಾಗಿದೆ, ಆರೋಗ್ಯ ಸರಿಯಿಲ್ಲ. ಅವನಿಗೆ ಏನಾದರೂ ಆದರೆ ನ್ಯಾಯಾಲಯಕ್ಕೆ ತಿಳಿಸುವ ಹೊಣೆ ಆದೇಶ 22ರ ನಿಯಮ 10ಎ ಪ್ರಕಾರ ನಮ್ಮದೇ. ವಾರಸುದಾರರನ್ನು ಸೇರಿಸಲು ವಾದಿಗೆ 90 ದಿನ ಇರುತ್ತದೆ. ನಮ್ಮ ಸಾಕ್ಷಿಗಳಲ್ಲಿ ಒಬ್ಬ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಹಬ್ಬಕ್ಕೆ ಮಾತ್ರ ಊರಿಗೆ ಬರ್ತಾನೆ. ಅವನ ಹೊಸ ಫೋನ್ ನಂಬರ್ ಹುಡುಗಿಯ ಮೊಬೈಲಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ!

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಎಷ್ಟು ಪುಟ ಇರಬೇಕು ಎಂಬುದು ಮೊದಲನೆಯದು. ಎರಡು ಪುಟ ದಾಟಿದರೆ ಪೇಶಿಯ ದಿನ ಬೆಳಿಗ್ಗೆ ಅದನ್ನು ಯಾರೂ ಓದುವುದಿಲ್ಲ. ಲಿಖಿತ ಹೇಳಿಕೆಯ ಪ್ಯಾರಾಗಳ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಹಚ್ಚಬಹುದು.

ಇನ್ನೊಬ್ಬ ಹೆಣ್ಣುಮಗಳು ಕೇಳಿದ್ದು: 'ಮೇಡಂ, ಇದರ ಒಂದು ಪ್ರತಿ ಕಕ್ಷಿದಾರರಿಗೆ ಕೊಡಬೇಕಾ?' ಬೇಡಮ್ಮಾ. ಕಕ್ಷಿದಾರನಿಗೆ ಹೊಸ ವಕೀಲರ ಹೆಸರು, ಫೋನ್ ನಂಬರ್, ಮುಂದಿನ ತಾರೀಖು ತಿಳಿಸು, ಸೀನಿಯರ್ ಎದುರಿಗೆ ಒಮ್ಮೆ ಭೇಟಿ ಮಾಡಿಸು. ಅವನು ದಾವೆಯ ಸ್ಥಿತಿ ಕೇಳಿದರೆ ಬಾಯಿಮಾತಲ್ಲಿ ಎಲ್ಲವನ್ನೂ ಹೇಳು, ಅದು ಅವನ ಹಕ್ಕು. ಆದರೆ ಕೇಳಬಾರದ ಪ್ರಶ್ನೆ ಯಾವುದು ಅಂತ ಬರೆದ ಕಾಗದ ಅವನ ಜೇಬಿನಲ್ಲಿದ್ದರೆ ಸಂಜೆಯೊಳಗೆ ಊರ ಕಟ್ಟೆಯ ಮೇಲೆ ಓದಿಸಿಕೊಂಡಿರುತ್ತಾನೆ, ವಾದಿಯೂ ಅದೇ ಊರಿನವನು. ಕೋರ್ಟಿಗೆ ಒಯ್ಯುವ ಕಟ್ಟಿನಲ್ಲೂ ಅದನ್ನು ಇಡಬೇಡ. ದಾಖಲೆ ತೋರಿಸುವ ಗಡಿಬಿಡಿಯಲ್ಲಿ ಪಹಣಿಯ ಜೊತೆ ಅದೂ ಎದುರಿನವರ ಮೇಜಿಗೆ ಹೋದದ್ದುಂಟು.